ಬಸರಿ ಹೆಂಗಸಿಗೆ ಉಷ್ಣ ಅಲ್ಲ, ಬಿಸಿ ನೋಡ್ರಿ

ನಮ್ಮ ಕಡೆ ಮನ್ಯಾಗ ಒಬ್ಬಾಕಿ ಬಸರಿ ಅಂತ ಗೊತ್ತಾದ ಕೂಡಲೆ ಒಂದು ಪಟ್ಟಿ ಶುರು ಆಗತದ. ಪಪ್ಪಾಯಿ ಮುಟ್ಟಬ್ಯಾಡ, ಅನಾನಸ ಬ್ಯಾಡ, ಎಳ್ಳು ಬ್ಯಾಡ, ಖರ್ಜೂರ ಬ್ಯಾಡ, ಬೆಲ್ಲ ಕಡಿಮಿ ಮಾಡು. ಕೇಳಿದ್ರ ಎಲ್ಲಾದಕ್ಕೂ ಒಂದೇ ಉತ್ತರ, ಅದು ಉಷ್ಣ. ಅದೇ ಹುಡುಗಿ ಸಂಜಿಮುಂದ ಗಾಡಿ ಮುಂದ ನಿಂತು ಪಾನಿಪುರಿ ತಿಂದ್ರ "ಬಯಕಿ ಅದ, ತಿನ್ನಲಿ ಬಿಡ್ರಿ, ಪುರಿ ಏನ್ ಉಷ್ಣ ಅಲ್ಲಲ್ಲ" ಅಂತೀವಿ. ಬಿಸಲಾಗ ಬಂದಾಳ ಅಂತ ಬರ್ಫ ಹಾಕಿದ ಕಬ್ಬಿನ ಹಾಲು ನಾವೇ ಕೈಯಾರೆ ಕೊಡಸತೀವಿ, ಯಾಕಂದ್ರ ಅದು ತಂಪು.

ನನಗ ಅನಸೋದು ಇಷ್ಟ. ನಾವು ಕಾವಲು ಕೂತಿದ್ದು ಮುಂಚಿ ಬಾಗಲಾಗ, ಕಳ್ಳ ಬರೋದು ಹಿತ್ತಲ ಬಾಗಲದಿಂದ. ಹೊರಗಿನ ತಿನಸು ಬಸರಿಗೆ ತೊಂದ್ರಿ ಮಾಡೋದು ಭಾಳ ಸಲ ಅದರ ಗುಣ ಉಷ್ಣ ಅಂತ ಅಲ್ಲ. ಅದು ಒಲಿ ಮ್ಯಾಲಿಂದ ಯಾವಾಗ ಇಳೀತು, ಇಳಿದ ಮ್ಯಾಲ ಯಾವ ನೀರು, ಯಾರ ಕೈ ಅದಕ್ಕ ತಾಕಿತು ಅನ್ನೋದರ ಮ್ಯಾಲ ಇರತದ. ಅದಕ್ಕ ನನ್ನ ಮಾತು: ಅಂಗಡ್ಯಾಗ, ಗಾಡಿ ಮುಂದ, ಖಾನಾವಳ್ಯಾಗ ಉಷ್ಣ ಅದನೋ ತಂಪು ಅದನೋ ಅಂತ ಕೇಳೋದು ಬಿಡ್ರಿ. ಬಿಸಿ ಅದನೋ ಇಲ್ಲೋ ಅಂತ ನೋಡ್ರಿ.

ಮೊದಲ ಹಳೇ ಪಟ್ಟಿದೊಂದು ಲೆಕ್ಕ ಮುಗಿಸೋಣು. ಪಪ್ಪಾಯಿ ವಿಷಯದಾಗ ಹಿರ್ಯಾರ ಮಾತು ಅರ್ಧ ಖರೆ. ಕಾಯಿ ಪಪ್ಪಾಯಿ ಕೊಯ್ದ್ರ ಬಿಳಿ ಹಾಲು ಸೋರತದಲ್ಲ, ಆ ಹಾಲಿಗೆ ಗರ್ಭಕೋಶ ಹಿಂಡೋ ಗುಣ ಅದ ಅಂತ ಇಲಿಗಳ ಮ್ಯಾಲ ಮಾಡಿದ ಪರೀಕ್ಷಾದಾಗ ಕಂಡದ. ಹಂಗಾಗಿ ಕಾಯಿ, ಅರ್ಧ ಹಣ್ಣಾದದ್ದು ಎರಡೂ ಬಿಡೋದು ಬರೋಬ್ಬರಿ. ಪೂರ್ತಿ ಹಣ್ಣಾಗಿ ಕೇಸರಿ ಬಣ್ಣ ಬಂದದ್ದರಾಗ ಆ ಹಾಲು ಇರಂಗಿಲ್ಲ. ಮನ್ಯಾಗ ತೊಳದು ಹೆಚ್ಚಿದ ನಾಲ್ಕು ಹೋಳು ತಿಂದ್ರ ಏನೂ ಆಗಂಗಿಲ್ಲ. ಅನಾನಸ ಊಟದ ಅಳತ್ಯಾಗ ತಿಂದ್ರ ಹೊಟ್ಟಿ ಇಳೀತದ ಅನ್ನೋದಕ್ಕ ಆಧಾರ ಇಲ್ಲ. ಎಳ್ಳು, ಶೇಂಗಾ, ಖರ್ಜೂರಕ್ಕಂತೂ ಅಂಜಬೇಕಾದ್ದೇ ಇಲ್ಲ. ಎಳ್ಳಿನಾಗ ಸುಣ್ಣದ ಅಂಶ ಅದ, ಕಬ್ಬಿಣದ ಅಂಶ ಅದ. ರಕ್ತ ಕಡಿಮಿ ಅಂತ ಡಾಕ್ಟರ್ ಗುಳಗಿ ಬರಕೊಡೋ ಹುಡುಗಿ ಕೈಯಿಂದ ಎಳ್ಳುಂಡಿ ಕಸಗೊಂಡು, ಗಾಡಿ ಮ್ಯಾಲಿನ ಹೆಚ್ಚಿಟ್ಟ ಹಣ್ಣಿನ ಪ್ಲೇಟು ಕೊಡೋದು ಯಾವ ನ್ಯಾಯ ಹೇಳ್ರಿ?

ಇನ್ನೊಂದು ಮಾತು ಅದ. ಎಲ್ಲಾದಕ್ಕೂ ಬ್ಯಾಡ ಅಂದ ಮನ್ಯಾಗ ಹುಡುಗಿ ಕದ್ದು ತಿಂತಾಳ. ಆಫೀಸಿನಿಂದ ಬರೋಮುಂದ ಗಡಿಬಿಡ್ಯಾಗ, ಎಲ್ಲೆ ಸಿಗತದೋ ಅಲ್ಲೆ, ಏನ್ ಸಿಗತದೋ ಅದು. ಕದ್ದು ತಿನ್ನೋವ್ರಿಗೆ ನೀರು ಹೆಂಗದ, ಎಣ್ಣಿ ಹೆಂಗದ ಅಂತ ನೋಡೋ ಪುರಸೊತ್ತು ಇರಂಗಿಲ್ಲ. ನೂರು ಬ್ಯಾಡ ಹೇಳಿದ್ರ ಅದರಾಗ ಖರೇ ಬ್ಯಾಡ ಆಗಬೇಕಾದ ಐದು ಕಳದು ಹೋಗತಾವ.

ಬಸರ್ಯಾಗ ಹೊರಗಿನ ನೀರು ಯಾಕ ಅಷ್ಟು ಕೆಟ್ಟದ್ದು

ಅದೇ ಗಾಡ್ಯಾಗ ಹತ್ತು ಮಂದಿ ತಿಂತಾರ, ಒಂಬತ್ತು ಮಂದಿಗೆ ಏನೂ ಆಗಂಗಿಲ್ಲ, ಬಸರಿಗಷ್ಟ ಯಾಕ ಅಂತ ಕೇಳಬಹುದು. ಹೊಟ್ಟ್ಯಾಗಿನ ಕೂಸನ್ನ ಪರಕೀಯ ಅಂತ ಮೈ ಹೊರಗ ಹಾಕಬಾರದಲ್ಲ, ಅದಕ್ಕ ಆ ಒಂಬತ್ತು ತಿಂಗಳು ತಾಯಿ ಮೈಯ ಕಾವಲು ತಾನಾಗೇ ಬದಲಾಗತದ. ಹಂಗಾಗಿ ಕೆಲವು ಬ್ಯಾನಿ ಅಕಿಗೆ ಬೇರೆಯವರಿಗಿಂತ ಜೋರಾಗಿ ಬರತಾವ. ಎರಡರ ಹೆಸರು ನೆನಪಿಟ್ರ ಸಾಕು.

ಒಂದು ಕಾಮಣಿ. ಕಾಮಣ್ಯಾಗ ಹಲವು ಜಾತಿ ಅದಾವ. ಅದರಾಗ ಹೆಪಟೈಟಿಸ್-ಇ ಅನ್ನೋದು ಹೊಲಸು ನೀರು ಕೂಡಿದ ಕುಡಿಯೋ ನೀರಿನಿಂದ ಬರತದ. ಮಳಿಗಾಲದಾಗ ಗಟಾರದ ನೀರು ಒಡದ ಪೈಪಿನಾಗ ಸೇರಿದ್ರ ಊರಿಗೆ ಊರೇ ಮಲಗತದ. ಉಳದವರು ಕೆಲವು ವಾರದಾಗ ಎದ್ದು ಓಡ್ಯಾಡತಾರ. ಆದ್ರ ಕಡೀ ಮೂರು ತಿಂಗಳ ಬಸರಿಗೆ ಅದು ಬಂದ್ರ, ನೂರರಾಗ 20 ರಿಂದ 25 ಮಂದಿ ತನಕ ಜೀವ ಕಳಕೊಳ್ಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತದ. ಪಪ್ಪಾಯಿ ಬಗ್ಗೆ ಹೆದರಿಸೋ ನಾವು ಈ ಮಾತು ಯಾವ ಹುಡುಗಿಗೂ ಹೇಳಿದ್ದು ನಾ ಕೇಳಿಲ್ಲ.

ಎರಡನೇದು ಲಿಸ್ಟೀರಿಯಾ ಅನ್ನೋ ಕ್ರಿಮಿ. ಇದು ಫ್ರಿಜ್ಜಿನ ತಂಪಿನಾಗೂ ಬೆಳೀತದ, ಅದೇ ಇದರ ಕೆಟ್ಟ ಗುಣ. ಕಾಸದ ಹಾಲು, ಅದರಿಂದ ಮಾಡಿದ ಪನೀರು, ತಯಾರ ಮಾಡಿ ಫ್ರಿಜ್ಜಿನಾಗ ದಿನಗಟ್ಟಲೆ ಇಟ್ಟ ತಿನಸು, ಇವುಗಳಾಗ ಇರಬಹುದು. ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಬಂದು ಹೋಗತದ, ಆದ್ರ ಕೂಸಿಗೆ ತಗಲಿ ಬಸರು ಇಳಿದು ಹೋಗಬಹುದು. ಭಾಳ ಮಂದಿಗೆ ಬರೋ ಬ್ಯಾನಿ ಅಲ್ಲ, ಬಂದ್ರ ಮಾತ್ರ ಸಣ್ಣದಲ್ಲ.

ಇವೆರಡಕ್ಕೂ ಮದ್ದು ನಮ್ಮ ಅಡಗಿ ಮನ್ಯಾಗೇ ಅದ. ಚೊಲೋತ್ನಾಗಿ ಕುದಿಸಿದ್ರ ಎರಡೂ ಸಾಯತಾವ. ಬರ್ಫದಾಗ ಸಾಯಂಗಿಲ್ಲ, ಹುಣಸಿಹಣ್ಣಿನ ಹುಳಿಗೆ ಸಾಯತಾವ ಅಂತ ನಂಬಂಗಿಲ್ಲ, ಮೆಣಸಿನಕಾಯಿ ಖಾರಕ್ಕೂ ಇಲ್ಲ. "ಅಷ್ಟು ಖಾರ ಅದ, ಅದರಾಗ ಎಂಥಾ ಕ್ರಿಮಿ" ಅನ್ನೋದು ನಮ್ಮ ನಾಲಿಗಿ ಲೆಕ್ಕ, ಕ್ರಿಮಿದಲ್ಲ.

ಅದಕ್ಕ ನಾ ಮೂರು ಮಾತು ಇಟಗೊಂಡೀನಿ. ಹೊರಗ ತಿನ್ನೋದಾದ್ರ ಬಿಸಿ ಇರಬೇಕು, ಇಲ್ಲಾ ಒಣ ಇರಬೇಕು, ಇಲ್ಲಾ ತನ್ನ ಸಿಪ್ಪಿ ಒಳಗ ಇರಬೇಕು. ಬಿಸಿ ಅಂದ್ರ ಈಗ ಒಲಿ ಮ್ಯಾಲಿಂದ ಇಳದದ್ದು, ಊದಿ ಊದಿ ತಿನ್ನೋವಂಥಾದ್ದು. ಒಣ ಅಂದ್ರ ಪಸಿ ಇಲ್ಲದ್ದು, ಯಾಕಂದ್ರ ನೀರಿನ ಪಸಿ ಇಲ್ಲದ ಕಡೆ ಕ್ರಿಮಿ ಬೆಳಿಯಂಗಿಲ್ಲ. ಸಿಪ್ಪಿ ಅಂದ್ರ ಬಾಳಿಹಣ್ಣು, ಮೋಸಂಬಿ, ಎಳನೀರು, ನಮ್ಮ ಕೈಯಾಗ ಬಿಚ್ಚೋವು. ಇದಕ್ಕ ತಿರುವಿದ್ರ ಬ್ಯಾಡದ್ದು ಗೊತ್ತಾಗತದ: ಹಸೇದು, ಆರಿದ್ದು, ಹಸಿ ನೀರು ಬೆರಸಿದ್ದು.

ಗಾಡಿ ಮುಂದ ನಿಂತಾಗ

ಹುಬ್ಬಳ್ಳಿ ದುರ್ಗದ ಬೈಲಿನಾಗ ಸಂಜಿ ಆರಕ್ಕ ಒಂದು ಸುತ್ತು ಹಾಕ್ರಿ, ಈ ಮೂರು ಮಾತು ಹೆಂಗ ಕೆಲಸ ಮಾಡತದ ತಿಳೀತದ. ಮಿರ್ಚಿ ಬಜಿ ಬುಟ್ಟ್ಯಾಗ ಒಟ್ಟಿದ್ದು ಬ್ಯಾಡ, ಕಡಾಯ್ಯಾಗಿಂದ ಈಗ ತಗದದ್ದು ಕೊಡ್ರಿ ಅನ್ರಿ. ಕುದಿಯೋ ಎಣ್ಣ್ಯಾಗ ಮುಳಗಿ ಎದ್ದದ್ದರಾಗ ಈ ಕ್ರಿಮಿ ಉಳಿಯಂಗಿಲ್ಲ. ಎರಡು ತಿಂದು ಸಾಕು ಮಾಡ್ರಿ, ಆರು ತಿಂಗಳ ಮ್ಯಾಲ ಹೊಟ್ಟಿ ಮ್ಯಾಲಕ್ಕ ಒತ್ತಿರತದ, ಎದಿ ಉರಿ ರಾತ್ರಿ ನಿದ್ದಿ ಕೊಡಂಗಿಲ್ಲ. ಎಣ್ಣಿ ಕಪ್ಪಾಗಿ, ಹೊಗಿ ಎದ್ದು, ಮ್ಯಾಲ ನೊರಿ ಬಂದಿದ್ರ ಆ ಗಾಡಿ ಬಿಟ್ಟು ಮುಂದ ನಡೀರಿ. ಬಾಜೂಕ ಕೊಡೋ ನೀರು ಚಟ್ನಿ ಮಾತ್ರ ಬಿಡ್ರಿ. ಬಜಿ ಬಿಸಿ ಇದ್ರೂ ಚಟ್ನಿ ಹಸೀದೇ ಅಲ್ಲ.

ಗಿರಮಿಟ್ಟು ನಮ್ಮ ಜೀವ. ಚುರಮರಿ ಒಣದ್ದು, ಪುಟಾಣಿ ಹಿಟ್ಟು ಒಣದ್ದು, ಒಗ್ಗರಣಿ ಕುದಿಸಿದ್ದು. ಕೆಡೋದು ಮ್ಯಾಲ ಉದರಸೋ ಹಸಿ ಉಳ್ಳಾಗಡ್ಡಿ, ಟೊಮ್ಯಾಟೊ, ಕೊತ್ತಂಬರ್ಯಾಗ. ಕೊತ್ತಂಬರಿ ತೊಳದ ನೀರು ಯಾವುದು, ಹೆಚ್ಚಿ ಎಷ್ಟು ತಾಸಾತು, ಯಾರಿಗೆ ಗೊತ್ತು? "ಅಣ್ಣಾರ, ಹಸೇದೇನೂ ಹಾಕಬ್ಯಾಡ್ರಿ, ಒಗ್ಗರಣಿ ಅಷ್ಟ ಹಾಕಿ ಕಲಸ್ರಿ" ಅಂದ್ರ ಯಾರೂ ಇಲ್ಲ ಅನ್ನಂಗಿಲ್ಲ. ಉಳ್ಳಾಗಡ್ಡಿ ಬೇಕೇ ಬೇಕು ಅಂದ್ರ ಪೊಟ್ಟಣ ಕಟ್ಟಿಸಿಕೊಂಡು ಬಂದು ಮನ್ಯಾಗ ಹೆಚ್ಚಿ ಹಾಕ್ರಿ.

ಪಾನಿಪುರಿಗೆ ಮಾತ್ರ ನಾ ಒಲ್ಲೆ ಅನ್ನೋದು ಖಂಡಿತ. ಅದರ ಹೆಸರೇ ನೀರಿಂದು. ಆ ನೀರು ಕುದಿಸಿರಂಗಿಲ್ಲ, ಪುದಿನಾ ಹಸಿ ಅರದಿರತಾರ, ಕೈ ಮೊಣಕೈ ತನಕ ಮುಳಗತದ. ಬಯಕಿ ಆದ್ರ ಅಂಗಡ್ಯಾಗ ಒಣ ಪುರಿ ಪಾಕೀಟು ಸಿಗತಾವ, ತರ್ರಿ. ನೀರು ಕುದಿಸಿ ಆರಿಸಿ, ಪುದಿನಾ-ಕೊತ್ತಂಬರಿ ಚೊಲೋ ತೊಳದು, ಒಂದು ನಿಮಿಷ ಕುದಿಯೋ ನೀರಾಗ ಹಾಕಿ ತಗದು ಅರೀರಿ. ಹುಣಸಿಹಣ್ಣಿನ ರಸನೂ ಒಂದು ಕುದಿ ಕುದಿಸ್ರಿ. ಬಟಾಣಿ ಬಿಸಿ ಬಿಸಿ. ನಾಲಿಗಿಗೂ ಮೋಸ ಇಲ್ಲ, ಹೊಟ್ಟಿಗೂ ಇಲ್ಲ.

ಕಬ್ಬಿನ ಹಾಲು ಗಾಣದಿಂದ ಬರತದ, ಒಲಿಯಿಂದ ಅಲ್ಲ. ಗಾಣದ ಹಲ್ಲಿನಾಗ ನಿನ್ನೆದು ರಸ ಇರತದ, ನೊಣ ಇರತಾವ, ಬರ್ಫ ಎಲ್ಲಿಂದೋ ಗೋಣಿಚೀಲದಾಗ ಬಂದಿರತದ. ಅದರ ಬದಲಿ ಎಳನೀರು ಕುಡೀರಿ, ಕಣ್ಣ ಮುಂದ ಕೆತ್ತಿಸಿ, ಕಾಯಿಗೇ ಬಾಯಿ ಹಚ್ಚಿ. ಜಗ್ಗಿನಾಗ ಸುರದು ಇಟ್ಟದ್ದು ಎಳನೀರಲ್ಲ, ಅದು ಬರೇ ನೀರು ಅಂತ ತಿಳೀರಿ. ಹೆಚ್ಚಿಟ್ಟ ಕಲ್ಲಂಗಡಿ, ಪಪ್ಪಾಯಿ ಪ್ಲೇಟಿಗೂ ಇದೇ ಮಾತು. ಹಣ್ಣಿಂದೇನೂ ತಪ್ಪಿಲ್ಲ, ಸಿಪ್ಪಿ ತಗದ ಮ್ಯಾಲ ಬಯಲಾಗ ಕೂತದ್ದು ತಪ್ಪು.

ಖಾನಾವಳಿ ತಾಟು, ಒಂದೊಂದಾಗಿ

ನನ್ನ ತಂಗಿ ಮಗಳಿಗೆ ಏಳು ತಿಂಗಳಾದಾಗ ಕುಬಸಕ್ಕಂತ ಹುಬ್ಬಳ್ಳಿಯಿಂದ ಬಾಗಲಕೋಟಿಗೆ ಕಾರಿನಾಗ ಕರಕೊಂಡು ಹೊಂಟಿದ್ವಿ. ನರಗುಂದದ ಹತ್ತರ ಹೊಟ್ಟಿ ಹಸೀತು, ಖಾನಾವಳಿಗೆ ಇಳದ್ವಿ. ಅಕಿ ಅತ್ತಿಯವರು "ಹೊರಗಿಂದ್ ಬ್ಯಾಡ, ಬಿಸ್ಕೀಟು ತಿಂದು ಕುಡು" ಅಂದ್ರು. ನಾ ಅಂದೆ, ವೈನಿ, ಏಳು ತಿಂಗಳ ಹೊಟ್ಟಿಗೆ ಬಿಸ್ಕೀಟು ಸಾಲಂಗಿಲ್ಲ, ಊಟಾನ ಮಾಡಲಿ, ತಾಟಿನಾಗ ಏನ್ ಬರತದ ನಾ ನೋಡತೀನಿ.

ತಾಟು ಬಂತು. ಜೋಳದ ರೊಟ್ಟಿ ಹಂಚಿನಿಂದ ನೇರ ಬಂದಿತ್ತು, ಉಬ್ಬಿದ ಹೊಟ್ಟ್ಯಾಗಿಂದ ಉಗಿ ಬರತಿತ್ತು. ಅದು ಸೈ. ಕಡಕ್ ರೊಟ್ಟಿ ಇದ್ರೂ ನಡೀತಿತ್ತು, ಅದು ಒಣದ್ದು. ಬದನಿಕಾಯಿ ಎಣಗಾಯಿ ದೊಡ್ಡ ಪಾತೇಲ್ಯಾಗ ಒಲಿ ಮ್ಯಾಲ ಕುದೀತಿತ್ತು, ಸೈ. ಮಡಿಕಿಕಾಳ ಪಲ್ಯ ಮಾತ್ರ ಮುಂಜಾನೆ ಮಾಡಿ ಕಟ್ಟಿ ಮ್ಯಾಲ ಇಟ್ಟಿದ್ರು, ಬಟ್ಟಲ ಮುಟ್ಟಿದ್ರ ಬೆಚ್ಚಗನೂ ಇಲ್ಲ. ಮೊಳಕಿ ಕಾಳು ಬಸರಿಗೆ ಭಾಳ ಚೊಲೋ, ಆದ್ರ ಮೊಳಕಿ ಬರೋ ಪಸಿ ಬೆಚ್ಚಗಿನ ಜಾಗಾದಾಗ ಕ್ರಿಮಿನೂ ಮೊಳೀತಾವ, ಅದಕ್ಕ ಪೂರ್ತಿ ಬೆಂದು ಬಿಸಿ ಇರಬೇಕು. ಒಳಗಿನ ಅಕ್ಕಾಗ ಕೇಳಿದೆ, "ಅಕ್ಕಾರ, ಬಸರಿ ಹುಡುಗಿ ಅದಾಳ, ಈ ಪಲ್ಯ ಒಂದೀಟು ಕುದಿ ಬರೋ ಹಂಗ ಕಾಸಿ ಕೊಡ್ತೀರೇನು?" ಅಕಿ ನಗತಾ ಒಯ್ದು ಬುಳು ಬುಳು ಕುದಿಸಿ ತಂದ್ಲು. ಬಸರಿ ಅಂದ್ರ ನಮ್ಮ ಕಡೆ ಯಾವ ಖಾನಾವಳ್ಯಾಗೂ ಇಲ್ಲ ಅನ್ನಂಗಿಲ್ಲ, ಕೇಳೋಕ ನಾವು ನಾಚತೀವಿ ಅಷ್ಟ.

ತಾಟಿನ ಅಂಚಿಗೆ ಹಸೇದು ಇತ್ತು. ಉಳ್ಳಾಗಡ್ಡಿ, ಸವತಿಕಾಯಿ, ಮೂಲಂಗಿ, ಎಳೆ ಮೆಂತೆಪಲ್ಲೆ. ಆರೋಗ್ಯಕ್ಕ ಚೊಲೋ ಅಂತ ಮೊದಲ ಅದನ್ನೇ ತಿಂತಾರ ಹುಡುಗ್ಯಾರು. ಆ ತಾಟಿನಾಗ ನಾ ಎತ್ತಿ ಬಾಜೂಕ ಇಟ್ಟದ್ದು ಅದನ್ನೇ. ಸೊಪ್ಪು ನೆಲಕ್ಕ ಹತ್ತಿ ಬೆಳೀತದ, ಗೊಬ್ಬರದ ಮಣ್ಣು ಎಲಿ ಸಂದ್ಯಾಗ ಕೂತಿರತದ, ಖಾನಾವಳ್ಯಾಗ ಒಂದೇ ಬಕೀಟಿನಾಗ ಮುಳಗಿಸಿ ತಗೀತಾರ. ಮನ್ಯಾಗ ಮೂರು ನೀರಾಗ ತೊಳದು ತಿನ್ನಲಿ, ಹೊರಗ ಬ್ಯಾಡ.

ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಣದ್ದು, ಸೈ. ಮುಗ್ಗ ವಾಸನಿ ಬಂದ್ರ ಅಷ್ಟ ಬಿಡಬೇಕು. ಮಸರು ಮನಿ ಹಾಲು ಕಾಸಿ ಹೆಪ್ಪ ಹಾಕಿದ್ದು ಅಂದ್ಲು ಆ ಅಕ್ಕ, ಸ್ವಲ್ಪ ಹಾಕಿಸಿಕೊಂಡ್ವಿ. ಹಾಲು ಕಾಸಿದ್ರ ಮಸರಿಗೆ ಅಂಜಿಕಿ ಕಡಿಮಿ. ಮಜ್ಜಿಗಿ ಮಾತ್ರ ಒಲ್ಲೆ ಅಂದ್ವಿ, ಯಾಕಂದ್ರ ಮಸರಿಗೆ ನೀರು ಬೆರೀತಂದ್ರ ಅದು ಯಾವ ನೀರು ಅನ್ನೋ ಪ್ರಶ್ನಿ ಬರತದ. ಅನ್ನ ಆಗಷ್ಟ ಬಸದದ್ದು, ಸಾರು ಕುದಿಯೋದು. ಕುಡಿಯೋ ನೀರು ಮನಿಯಿಂದ ಕುದಿಸಿ ಒಯ್ದಿದ್ವಿ. ಅದು ಮುಗದ್ರ ಸೀಲು ಒಡೀದ ಬಾಟಲಿ ಅಂತ ಮಾತಾಗಿತ್ತು.

ಹಿಂಗ ನೋಡಿದ್ರ ಹತ್ತು ಪದಾರ್ಥದ ತಾಟಿನಾಗ ಅಕಿ ಬಿಟ್ಟದ್ದು ಎರಡ, ಮತ್ತ ಕಾಸಿಸಿದ್ದು ಒಂದು. ಹೊಟ್ಟಿ ತುಂಬ ಉಂಡ್ಲು. ಬಿಸ್ಕೀಟಿನ ಮೈದಾ-ಸಕ್ಕರಿಗಿಂತ ಆ ಊಟದಾಗ ಕೂಸಿಗೆ ಸೇರಿದ್ದು ಎಷ್ಟೋ ಹೆಚ್ಚು.

ಫ್ರಿಜ್ಜಿಟ್ಟ ಅಂಗಡಿ

ಗಾಡಿಗೆ ಅಂಜೋವ್ರು ಕಾಚಿನ ಬಾಗಲಾ ಇದ್ದ ಅಂಗಡಿಗೆ ಹೋಗಿ ನಿಶ್ಚಿಂತಿ ಇರತಾರ. ಅಲ್ಲೆ ತಂಪು ಅನ್ನೋದೇ ಮೋಸ. ಪನೀರು ಕುದಿಯೋ ಮಸಾಲ್ಯಾಗ ಬೆಂದು ಬಂದ್ರ ತಿನ್ರಿ. ಫ್ರಿಜ್ಜಿನಿಂದ ತಗದು ಹಂಗೇ ಸ್ಯಾಂಡವಿಚ್ಚಿನಾಗ ಇಟ್ಟದ್ದು ಬ್ಯಾಡ. ಸ್ಯಾಂಡವಿಚ್, ಶವರ್ಮಾ, ಮೋಮೋ ಜೋಡಿ ಬರೋ ಬಿಳಿ ಮೇಯೊನೀಸು ಕೆಲವು ಕಡೆ ಹಸಿ ತತ್ತಿಯಿಂದ ಮಾಡತಾರ. ತೆಲಂಗಾಣ ಸರಕಾರ 2024ರಾಗ, ತಮಿಳುನಾಡು ಸರಕಾರ 2025ರಾಗ ಹಸಿ ತತ್ತಿ ಮೇಯೊನೀಸನ್ನ ಒಂದೊಂದು ವರ್ಷ ನಿಷೇಧ ಮಾಡಿದ್ವು. ಗಟ್ಟಿ ಮುಟ್ಟು ಇದ್ದವರಿಗೇ ಆಗದ್ದು ಬಸರಿಗೆ ಯಾಕ? ತತ್ತಿ ತಿನ್ನೋವ್ರು ಪೂರ್ತಿ ಬೆಂದದ್ದು ತಿನ್ರಿ, ಹಳದಿ ಹರಿಯಬಾರದು.

ಹಾಲು ಪಾಕೀಟಿಂದು ತರ್ರಿ, ತಂದು ಕುದಿಸ್ರಿ. "ನಮ್ಮ ಗೌಳಿ ಎಮ್ಮಿ ಹಾಲು, ಕರದ ಬಿಸಿ ಹಂಗೇ ಕುಡಿ, ಕೂಸು ಬೆಳ್ಳಗ ಆಗತದ" ಅನ್ನೋ ಅಜ್ಜಿಗಳು ಇನ್ನೂ ಅದಾರ. ಕರದ ಬಿಸಿ ಬ್ಯಾರೆ, ಒಲಿ ಬಿಸಿ ಬ್ಯಾರೆ. ಗೌಳಿ ಹಾಲು ತರ್ರಿ, ಬ್ಯಾಡ ಅನ್ನಂಗಿಲ್ಲ, ಉಕ್ಕೋ ತನಕ ಕಾಸ್ರಿ.

ಸಿಹಿ ಬಯಕಿ ಆದಾಗ ನಮಗ ದೂರ ಹೋಗೋದು ಬ್ಯಾಡ. ಧಾರವಾಡ ಪೇಡೆ ಖವಾ ಕಂದು ಬಣ್ಣ ಬರೋ ತನಕ ಒಲಿ ಮ್ಯಾಲ ತಿರುವಿ ತಿರುವಿ ಮಾಡಿದ್ದು. ನೀರಿನ ಪಸಿ ಕಡಿಮಿ, ಸಕ್ಕರಿ ಹೆಚ್ಚು, ಹಂಗಾಗಿ ಒಂದೆರಡು ದಿನ ತಡೀತದ. ಅದೇ ಹಾಲಿನ ಬಾಸುಂದಿ, ರಸಮಲಾಯಿ ಪಸಿ ಇದ್ದದ್ದು, ಅಂಗಡ್ಯಾಗ ಎಷ್ಟೊತ್ತು ಕೂತದೋ ತಿಳಿಯಂಗಿಲ್ಲ. ಗೋಕಾಕ, ಅಮೀನಗಡದ ಕರದಂಟು ಒಣದ್ದು, ಅಂಟು, ಕೊಬ್ಬರಿ, ಬೆಲ್ಲ ಎಲ್ಲಾ ಅದ. ಶೇಂಗಾ ಉಂಡಿ, ಎಳ್ಳುಂಡಿನೂ ಹಂಗ. ಬಸರ್ಯಾಗ ಸಕ್ಕರಿ ಬ್ಯಾನಿ ಬಂದದ ಅಂತ ಡಾಕ್ಟರ್ ಹೇಳಿದವರು ಮಾತ್ರ ಇವೆಲ್ಲ ಅವರನ್ನ ಕೇಳೇ ತಿನಬೇಕು.

ಬಿಸಿ ಮಾತು ಎಲ್ಲೆ ನಡಿಯಂಗಿಲ್ಲ

ಎಲ್ಲಾ ಬೀಗಕ್ಕೂ ಒಂದೇ ಕೀಲಿ ಹತ್ತಂಗಿಲ್ಲ. ಬಿಸಿ ಇದ್ರೂ ಬ್ಯಾಡ ಅನ್ನಬೇಕಾದ್ದು ಎರಡು ಅದಾವ.

ಒಂದು, ಸಂಜಿ ಗಾಡಿ ಮ್ಯಾಲಿನ ಫ್ರೈಡ್ ರೈಸು. ಅನ್ನದಾಗ ಒಂದು ಜಾತಿ ಕ್ರಿಮಿ ಬೀಜದಂಗ ಅಡಗಿರತದ, ಕುದಿಸಿದ್ರೂ ಆ ಬೀಜ ಸಾಯಂಗಿಲ್ಲ. ಮಧ್ಯಾಹ್ನ ಮಾಡಿದ ಅನ್ನ ಸಂಜಿತನಾ ಬಕೀಟಿನಾಗ ಬೆಚ್ಚಗ ಕೂತ್ರ ಅದು ಎದ್ದು ವಿಷ ಉಗಳತದ. ಆಮ್ಯಾಲ ಬಾಣಲ್ಯಾಗ ಎಷ್ಟು ಬೆಂಕಿ ಹಚ್ಚಿ ಹಾರಿಸಿದ್ರೂ ಕ್ರಿಮಿ ಸಾಯಬಹುದು, ವಿಷ ಹೋಗಂಗಿಲ್ಲ. ತಿಂದು ಕೆಲವು ತಾಸಿನಾಗ ವಾಂತಿ ಹತ್ತಿದ್ರ ಭಾಳ ಸಲ ಇದೇ ಕಾರಣ. ಅನ್ನ ಬೇಕಂದ್ರ ಊಟದ ಹೊತ್ತಿನಾಗ ಆಗಷ್ಟ ಆದದ್ದು ತಿನ್ರಿ.

ಎರಡು, ಬಣ್ಣ. ಕೆಂಪು ಗೋಬಿ ಎಷ್ಟು ಬಿಸಿ ಇದ್ರೂ ಬಣ್ಣ ಸುಟ್ಟು ಹೋಗಂಗಿಲ್ಲ. 2024ರ ಮಾರ್ಚದಾಗ ನಮ್ಮ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಹುಕುಂ ಮಾಡಿತು. ಬಟ್ಟಿಗೆ ಹಾಕೋ ರೋಡಮಿನ್-ಬಿ ಬಣ್ಣ ಬೊಂಬಾಯಿ ಮಿಠಾಯಿಯೊಳಗ ಸಿಕ್ಕಿತ್ತು. ತಿಂದ ಮ್ಯಾಲ ಬೆರಳು, ತುಟಿ, ಪ್ಲೇಟು ಕೆಂಪಾಗಿ ಉಳದ್ರ ಅದು ಮೆಣಸಿನಕಾಯಿ ಬಣ್ಣ ಅಲ್ಲ. "ಬಣ್ಣ ಹಾಕದ್ದು ಮಾಡಿ ಕೊಡ್ರಿ" ಅಂತ ಕೇಳ್ರಿ. ಹಂಗೇ ಇಡ್ಲಿ ತಟ್ಟ್ಯಾಗ ಬಟ್ಟಿ ಬದಲಿ ಪ್ಲಾಸ್ಟಿಕ್ ಹಾಳಿ ಹಾಸಿ ಬೇಯಿಸೋದಕ್ಕೂ 2025ರಾಗ ಸರಕಾರ ತಡಿ ಹಾಕಿತು. ಇಡ್ಲಿ ಬಸರಿಗೆ ಹೊರಗ ಸಿಗೋದರಾಗ ಎಲ್ಲಾಕ್ಕಿಂತ ಚೊಲೋದು, ಬಟ್ಟಿ ಹಾಸ್ಯಾರೋ ಹಾಳಿ ಹಾಸ್ಯಾರೋ ಒಮ್ಮೆ ಇಣುಕಿ ನೋಡ್ರಿ. ಜೋಡಿಗೆ ಕುದಿಯೋ ಸಾಂಬಾರು ಹಾಕಿಸಿಕೊಳ್ರಿ, ಬಕೀಟಿನ ಕೊಬ್ಬರಿ ಚಟ್ನಿ ಬಿಡ್ರಿ.

ಚಾದ ಮಾತೂ ಇಲ್ಲೇ ಹೇಳತೀನಿ. ಚಾ ಕುದಿಸಿದ್ದು, ಕ್ರಿಮಿ ಭಯ ಇಲ್ಲ. ದಿನಕ್ಕ ಎರಡು ಸಣ್ಣ ಕಪ್ಪು ಕುಡದ್ರ ಏನೂ ಇಲ್ಲ. ಆದ್ರ ಊಟದ ಜೋಡಿ, ಕಬ್ಬಿಣದ ಗುಳಗಿ ಜೋಡಿ ಕುಡದ್ರ ಅದರೊಳಗಿನ ಒಗರು ಕಬ್ಬಿಣದ ಅಂಶಾನ ಹಿಡಕೊಂಡು ಮೈಗೆ ಹತ್ತಗೊಡಂಗಿಲ್ಲ. ಹೋಟೆಲ್ಲಿನಾಗ ತಿಂಡಿ ತಿಂದ ಕೂಡಲೆ ಚಾ ಹೇಳೋ ರೂಢಿ ನಮ್ಮದು. ಒಂದು ತಾಸು ತಡದು ಕುಡೀರಿ, ಅದರ ಜಾಗಾದಾಗ ಒಂದು ಮೋಸಂಬಿ ಸುಲಕೊಂಡು ತಿನ್ರಿ. ಹುಳಿ ಹಣ್ಣು ಕಬ್ಬಿಣ ಮೈಗೆ ಸೇರಸತದ.

ತಿಂದ ಮ್ಯಾಲ ಏನ್ ನೋಡಬೇಕು

ಒಂದೆರಡು ಸಲ ಭೇದಿ ಆದ್ರ ಓಆರ್‌ಎಸ್ ಕುಡಿಸಿ ನೋಡಬಹುದು. ಆದ್ರ ಜ್ವರ ಬಂತು, ಭೇದ್ಯಾಗ ರಕ್ತ ಕಾಣ್ತು, ಕುಡದ ನೀರೂ ನಿಲ್ಲವಲ್ದು, ಕೂಸು ತಿರುಗೋದು ಕಡಿಮಿ ಆತು, ಹೊಟ್ಟಿ ಬಿಗಿಬಿಗಿ ಹಿಡೀತು ಅಂದ್ರ ಅವತ್ತೇ ದವಾಖಾನಿಗೆ ಹೋಗಬೇಕು, ಮುಂಜಾನೆ ತನಕ ಕಾಯಬಾರದು. ಬರೇ ಜ್ವರ, ಮೈಕೈ ನೋವು ಇದ್ರೂ ಫ್ಲೂ ಇರಬೇಕು ಅಂತ ಮನ್ಯಾಗಿನ ಗುಳಗಿ ನುಂಗಿಸಿ ಮಲಗಿಸಬ್ಯಾಡ್ರಿ, ಹೊರಗ ಏನ್ ತಿಂದಿದ್ಲು ಅನ್ನೋದೂ ಸೇರಿಸಿ ಡಾಕ್ಟರಿಗೆ ಹೇಳ್ರಿ.

ಕಾಮಣಿದು ಇನ್ನೊಂದು ಸುಳಿವು. ಅದು ಕುಡದ ಮರುದಿನ ಬರಂಗಿಲ್ಲ. ಎರಡು ವಾರದಿಂದ ಹತ್ತು ವಾರ ಆದ ಮ್ಯಾಲ ಬರಬಹುದು. ಅದಕ್ಕ "ಅವತ್ತು ಪಾನಿಪುರಿ ತಿಂದ್ಲು, ಏನ್ ಆಗೇದ?" ಅಂತ ನಾವು ಧೈರ್ಯ ಮಾಡತೀವಿ. ಊಟ ಸೇರದಂಗಾತು, ವಾಂತಿ ಹತ್ತಿತು, ಮೂತ್ರ ಗಾಢ ಹಳದಿ ಚಾದಂಗ ಆತು, ಕಣ್ಣಿನ ಬಿಳಿ ಹಳದಿ ಆತು ಅಂದ್ರ ಕಾಮಣಿ ಔಷಧ ಕೊಡೋವ್ರನ್ನ ಹುಡುಕಿಕೊಂಡು ಹಳ್ಳಿಗೆ ಹೋಗಬ್ಯಾಡ್ರಿ. ಉಳದವರು ಪಥ್ಯದಾಗ ಎದ್ದಾರು, ಬಸರಿ ಹೆಂಗಸಿಗೆ ಪ್ರತಿ ತಾಸೂ ಲೆಕ್ಕ. ರಕ್ತ ಪರೀಕ್ಷಾ ಮಾಡೋ, ಹೆರಿಗಿ ಮಾಡಿಸೋ ದೊಡ್ಡ ದವಾಖಾನಿಗೆ ನೇರ ಕರಕೊಂಡು ಹೋಗ್ರಿ.

ಕಡೀ ಮಾತು ಅತ್ತ್ಯಾರಿಗೆ, ತಾಯ್ದೇರಿಗೆ. ಬಸರಿ ಹುಡುಗಿ ಬಾಯಿ ಬಿಟ್ಟು "ನನಗ ಮಿರ್ಚಿ ಬೇಕು" ಅನ್ನೋ ಹಂಗ ಮನಿ ಇರಬೇಕು. ಅಂದಾಗ ಬೈಯಬ್ಯಾಡ್ರಿ, ಗಂಡನ್ನ ಅಟ್ಟಿ ಆರಿದ ಪೊಟ್ಟಣ ತರಸಲೂ ಬ್ಯಾಡ್ರಿ. ಜೋಡಿ ಹೋಗಿ, ಕಡಾಯಿ ಮುಂದ ನಿಂತು, ಬಿಸಿ ಎರಡು ಕೊಡಸ್ರಿ. ಪಾನಿ ಮನ್ಯಾಗ ಮಾಡಿ ಕೊಡ್ರಿ. ಎಳ್ಳುಂಡಿ ಡಬ್ಬಿ ಕೈಗೆ ಸಿಗೋ ಹಂಗ ಇಡ್ರಿ. ಉಷ್ಣದ ಪಟ್ಟಿ ಮಡಚಿ ಇಟ್ಟು, ಆ ಜಾಗಾದಾಗ ಕುದಿಸಿದ ನೀರಿನ ಬಾಟ್ಲಿ ಒಂದು ಅಕಿ ಬ್ಯಾಗಿನಾಗ ಹಾಕ್ರಿ.